ದೀಪ ಉಳಿಸಿದ್ದು ತಾರಸಿಗೆ ಜಮೆ ಆಗುತ್ತಾ?

ಮೊನ್ನೆ ಊರಿಗೆ ಹೋದಾಗ ಜನ್ನಾಪುರದಲ್ಲಿ ಭಾವ ಕಟ್ಟಿಸುತ್ತಿರುವ ಬಿಲ್ಡಿಂಗ್ ನೋಡೋಕೆ ಕರ್ಕೊಂಡು ಹೋದ್ರು. ಮೂರು ಅಂತಸ್ತು, ಒಂದೊಂದೂ 600 ಚದರ ಮೀಟರ್. ಕೆಳಗೆ ಅಂಗಡಿಗಳು, ಮೇಲೆರಡು ಆಫೀಸಿಗೆ ಬಾಡಿಗೆಗೆ. ಎಲ್ಲಾ ಸುತ್ತಾಡಿಸಿ ಕೊನೆಗೆ ಕೈಗೆ ಒಂದು ಸ್ಪೈರಲ್ ಬೈಂಡಿಂಗ್ ಪುಸ್ತಕ ಕೊಟ್ಟರು. "ನೀನು ಇದೇ ಕೆಲಸದಲ್ಲಿದ್ದೀಯಲ್ಲ, ಸ್ವಲ್ಪ ನೋಡಿ ಹೇಳು ಮಾರಾಯ, ಪಾಸಾಗುತ್ತೋ ಇಲ್ವೋ."

ಅದು ಇಂಧನ ಸಂಹಿತೆಯ ಅನುಸರಣಾ ವರದಿ. ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯವರು 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಅನ್ನೋ ಸಂಹಿತೆ ತಂದರು. 2017ರಲ್ಲಿ ಅದನ್ನು ಪರಿಷ್ಕರಿಸಿದರು. 2024ರಲ್ಲಿ ಇನ್ನೊಂದು ಹೊಸ ಆವೃತ್ತಿಯೂ ಬಂದಿದೆ. ಭಾವನ ವರದಿ 2017ರದ್ದನ್ನು ಹಿಡಿದು ಬರೆದದ್ದು. 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಲೋಡ್ ಇರೋ ಕಟ್ಟಡಕ್ಕೆ ಇದು ಅನ್ವಯ. ಗೋಡೆ-ತಾರಸಿ-ಗಾಜು, ದೀಪ, ಎಸಿ ಎಲ್ಲದಕ್ಕೂ ಇಲ್ಲಿ ಮಿತಿಗಳಿವೆ.

ವರದಿ ಬರೆದವರು ಯಾರು ಅಂತ ಹೇಳೋಲ್ಲ, ಬಿಡಿ. ಮೊದಲ ಎರಡು ಪುಟ ಪೂರ್ತಿ ಭದ್ರಾವತಿ ಯಾವ ಹವಾಮಾನ ವಲಯಕ್ಕೆ ಸೇರುತ್ತೆ, ಬೆಂಗಳೂರಿನ ಹಾಗೆ ಸಮಶೀತೋಷ್ಣವೋ, ಕರಾವಳಿಯ ಹಾಗೆ ಬಿಸಿ-ತೇವವೋ ಅನ್ನೋ ಚರ್ಚೆ. ನಗು ಬಂತು. ಯಾಕಂದ್ರೆ ಇಷ್ಟು ಚಿಕ್ಕ ಆಫೀಸು ಕಟ್ಟಡಕ್ಕೆ ಎರಡು ವಲಯದಲ್ಲೂ ಅಂಕಿ ಒಂದೇ. ತಾರಸಿಯ ಯು-ಮೌಲ್ಯ 0.33 ದಾಟಬಾರದು, ಗೋಡೆಯದ್ದು 0.63 ದಾಟಬಾರದು. (ಯು-ಮೌಲ್ಯ ಅಂದ್ರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಶಾಖ ನುಸುಳುತ್ತೆ ಅನ್ನೋದು. ಕಡಿಮೆ ಇದ್ದಷ್ಟೂ ಒಳ್ಳೇದು.)

ಅಸಲಿ ವಿಷಯ ಏಳನೇ ಪುಟದಲ್ಲಿತ್ತು. ತಾರಸಿಗೆ 150 ಮಿ.ಮೀ. ಮೋಲ್ಡು, ಮೇಲೆ ಇಟ್ಟಿಗೆ ಜಲ್ಲಿಯ ಕೋಬಾ, ಅಷ್ಟೇ. ಯು-ಮೌಲ್ಯ 2.1. ಮಿತಿಯ ಆರು ಪಟ್ಟು! ಅದರ ಪಕ್ಕದಲ್ಲೇ ಒಂದು ಸಾಲು: ದೀಪದ ವಿದ್ಯುತ್ ಸಾಂದ್ರತೆ ಚದರ ಮೀಟರಿಗೆ 6.2 ವ್ಯಾಟ್, ಮಿತಿ 9.5, ಆದ್ದರಿಂದ ತಾರಸಿಯ ಕೊರತೆ ಸರಿದೂಗಿದೆ. ಎಸಿಗಳೂ ಬೇಕಾದ 3 ಸ್ಟಾರ್ ಬದಲು 5 ಸ್ಟಾರ್, ಆದ್ದರಿಂದ ಗೋಡೆಯೂ ಸರಿಹೋಗಿದೆ.

ಹಾಗೆಲ್ಲ ಸರಿದೂಗಲ್ಲ ಸ್ವಾಮಿ. ಈ ಸಂಹಿತೆಗೆ ಒಪ್ಪಿಗೆ ಪಡೆಯೋಕೆ ಮೂರು ದಾರಿ ಇದೆ. ಒಂದು, ಪ್ರತಿಯೊಂದು ಭಾಗವೂ ತನ್ನ ಮಿತಿಯನ್ನು ತಾನೇ ಪಾಲಿಸೋದು. ಎರಡು, ಹೊರಕವಚದ ಒಳಗೇ ಅದಲು-ಬದಲು. ತಾರಸಿ ಚೆನ್ನಾಗಿದ್ರೆ ಗೋಡೆ ಸ್ವಲ್ಪ ಸಡಿಲ, ಗಾಜು ಚೆನ್ನಾಗಿದ್ರೆ ತಾರಸಿ ಸ್ವಲ್ಪ ಸಡಿಲ. ಇಲ್ಲಿ ದೀಪಕ್ಕೂ ಎಸಿಗೂ ಪ್ರವೇಶವೇ ಇಲ್ಲ. ಮೂರನೇದು, ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ವರ್ಷದ ಅಷ್ಟೂ ಗಂಟೆ ಓಡಿಸಿ, ಮಿತಿಗಳನ್ನು ಪಾಲಿಸಿದ ಇನ್ನೊಂದು ಕಾಲ್ಪನಿಕ ಕಟ್ಟಡದ ಜೊತೆ ಹೋಲಿಸೋದು. ಅಲ್ಲಿ ಮಾತ್ರ ದೀಪದ ಉಳಿತಾಯ ತಾರಸಿಯ ಖಾತೆಗೆ ಜಮೆ ಆಗಬಹುದು. ಈ ವರದಿಯಲ್ಲಿ ಟಿಕ್ ಮಾಡಿದ್ದು ಮೊದಲನೇ ದಾರಿಗೆ, ಉಪಯೋಗಿಸಿದ್ದು ಮೂರನೇ ದಾರಿಯ ವಾದವನ್ನ. ಸಿಮ್ಯುಲೇಶನ್ ಒಂದು ಪುಟವೂ ಇಲ್ಲ.

"ಮೂರನೇ ದಾರಿಲೇ ಹೋದ್ರೆ ಆಯ್ತಲ್ಲ?" ಅಂದ್ರು ಭಾವ. ಹೋಗಬಹುದು. ನನ್ನ ತಕರಾರು ಶುರುವಾಗೋದೇ ಇಲ್ಲಿ.

ಸೈಟಲ್ಲೇ ಕೂತು ಸಿಮೆಂಟ್ ಚೀಲದ ಮೇಲೆ ಲೆಕ್ಕ ಹಾಕಿದ್ವಿ. ದೀಪದಲ್ಲಿ ಚದರ ಮೀಟರಿಗೆ 3.3 ವ್ಯಾಟ್ ಉಳಿತಾಯ, 1,800 ಚದರ ಮೀಟರಿಗೆ ಹತ್ತಿರಹತ್ತಿರ 6 ಕಿಲೋವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ ಸುಮಾರು 17,800 ಯೂನಿಟ್. ಇನ್ನು ತಾರಸಿ. 2.1ಕ್ಕೂ 0.33ಕ್ಕೂ ಇರೋ ಅಂತರವನ್ನು 600 ಚದರ ಮೀಟರಿಗೆ ಗುಣಿಸಿದ್ರೆ ಪ್ರತಿ ಡಿಗ್ರಿಗೆ 1,060 ವ್ಯಾಟ್. ಬಿಸಿಲು ಬಿದ್ದ ತಾರಸಿಗೂ ಒಳಗಿನ ತಂಪಿಗೂ ಹಗಲಲ್ಲಿ ಸರಾಸರಿ 12 ಡಿಗ್ರಿ ವ್ಯತ್ಯಾಸ ಅಂದುಕೊಂಡೆ, ಎಸಿ ವರ್ಷಕ್ಕೆ 250 ದಿನ ಅಂದುಕೊಂಡೆ. ಆ ಶಾಖ ಹೊರದಬ್ಬೋಕೆ ಸುಮಾರು 9,500 ಯೂನಿಟ್. ಅಂದ್ರೆ ಕಾಗದದ ಮೇಲೆ ದೀಪ ಗೆದ್ದಿತು! ಭಾವನ ಮುಖ ಅರಳಿತು.

ಆದ್ರೆ ಆ 17,800 ಯೂನಿಟ್ ಉಳಿದದ್ದು ಯಾವ ಕಟ್ಟಡಕ್ಕೆ ಹೋಲಿಸಿ? ಚದರ ಮೀಟರಿಗೆ 9.5 ವ್ಯಾಟ್ ದೀಪ ಹಾಕೋ ಕಟ್ಟಡಕ್ಕೆ. 2007ರ ಸಂಹಿತೆಯಲ್ಲಿ ಆಫೀಸಿಗೆ 10.8 ಇತ್ತು, ಅದು ಟ್ಯೂಬ್‌ಲೈಟಿನ ಕಾಲದ ಅಂಕಿ. ಹತ್ತು ವರ್ಷ ಆದ ಮೇಲೂ ಇಳಿದದ್ದು 9.5ಕ್ಕೆ ಮಾತ್ರ. ಇವತ್ತು ಭದ್ರಾವತಿಯ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದ್ರೂ ಕೊಡೋದು ಎಲ್‌ಇಡಿಯನ್ನೇ. ಭಾವ ಏನೂ ತಲೆಕೆಡಿಸಿಕೊಳ್ಳದೇ ಇದ್ರೂ 6-7 ವ್ಯಾಟಿಗೇ ಬಂದು ನಿಲ್ಲುತ್ತಿದ್ದರು. ಯಾರೂ ಕಟ್ಟದ ಕಟ್ಟಡಕ್ಕೆ ಹೋಲಿಸಿ ಉಳಿಸಿದ ಯೂನಿಟ್ಟು ಅದು. ತಾರಸಿಯಿಂದ ಇಳಿಯೋ ಶಾಖ ಮಾತ್ರ ನಿಜ.

ಇನ್ನೊಂದು ಮಾತು. ತಾರಸಿ ಐವತ್ತು ವರ್ಷ ಇರುತ್ತೆ. ದೀಪ ಏಳೆಂಟು ವರ್ಷ, ಎಸಿ ಹತ್ತು ಹನ್ನೆರಡು. ಅದಕ್ಕಿಂತ ಮೊದಲೇ ಬಾಡಿಗೆಗೆ ಬಂದವರು ಸೀಲಿಂಗ್ ಕಿತ್ತು ಅಲಂಕಾರದ ಸ್ಪಾಟ್‌ಲೈಟ್ ಹಾಕಿಸ್ತಾರೆ, 6.2 ಅಲ್ಲಿಗೆ ಮುಗೀತು. ವರದಿ ನೋಡೋರು ಬಂದು ಹೋದ ಮೇಲೆ ಯಾರು ಎಣಿಸ್ತಾರೆ? ಅಮೆರಿಕದ ಆಶ್ರೇ 90.1ರ 2022ರ ಆವೃತ್ತಿಯಲ್ಲಿ ಇದಕ್ಕೇ ಒಂದು ತಡೆ ಹಾಕಿದ್ದಾರೆ. ಬೇರೆ ಏನೇ ಉಳಿಸಿದ್ರೂ ಹೊರಕವಚ ಒಂದು ಮಟ್ಟಕ್ಕಿಂತ ಕೆಳಗೆ ಹೋಗುವಂತಿಲ್ಲ. ನಮಗೂ ಅದು ಬೇಕು ಅನ್ನೋದು ನನ್ನ ಅಭಿಪ್ರಾಯ.

ಗೋಡೆ ಬಗ್ಗೆ ಹೇಳದಿದ್ರೆ ಸಮಾಧಾನ ಇಲ್ಲ. 200 ಮಿ.ಮೀ. ಎಎಸಿ ಬ್ಲಾಕು, ಯು-ಮೌಲ್ಯ 0.6 ಅಂತ ಬರೆದಿದ್ದರು. ಬ್ಲಾಕಿನ ಶಾಖವಾಹಕತೆ 0.17 ಅಂತ ಹಿಡಿದು, ಎರಡೂ ಕಡೆಯ ಗಾರೆಯನ್ನೂ ಸೇರಿಸಿದ್ರೆ ಬರೋದು 0.72. ಅದೂ ಗೋಡೆಯೆಲ್ಲಾ ಬ್ಲಾಕೇ ಆಗಿದ್ರೆ! ಕಂಬ, ಬೀಮು ಎಲ್ಲಿ ಹೋಯ್ತು? ಹೊರಗೆ ನಿಂತು ನೋಡಿದ್ರೆ ಗೋಡೆಯ ನೂರಕ್ಕೆ ಹದಿನೈದು ಭಾಗ ಕಾಂಕ್ರೀಟು, ಅದರ ಯು-ಮೌಲ್ಯ 3. ಎರಡನ್ನೂ ವಿಸ್ತೀರ್ಣದ ಪ್ರಕಾರ ಸೇರಿಸಿದ್ರೆ 1.06. ನಿಮ್ಮ ಕೈಗೆ ಇಂಥ ವರದಿ ಸಿಕ್ಕರೆ ಮೊದಲು ಕಂಬದ ಸಾಲನ್ನು ಹುಡುಕಿ. ಇಲ್ಲ ಅಂದ್ರೆ ಉಳಿದದ್ದನ್ನೂ ಅನುಮಾನಿಸಿ.

ಉತ್ತರದ ಕಿಟಕಿಯದ್ದು ಇನ್ನೂ ತಮಾಷೆ. ಬಿಸಿಲಿನ ಶಾಖ ಎಷ್ಟು ಪಾಲು ಒಳಗೆ ಬಿಡಬಹುದು ಅನ್ನೋ ಎಸ್‌ಎಚ್‌ಜಿಸಿ ಅಂಕಿಯನ್ನು ಉತ್ತರಕ್ಕೆ 0.50 ಹಿಡಿದಿದ್ದಾರೆ. ಆ ರಿಯಾಯಿತಿ 15 ಡಿಗ್ರಿ ಅಕ್ಷಾಂಶದಿಂದ ಮೇಲಿನ ಊರುಗಳಿಗೆ ಮಾತ್ರ. ಭದ್ರಾವತಿ ಇರೋದು 14ಕ್ಕೂ ಸ್ವಲ್ಪ ಕೆಳಗೆ, ಹಾಗಾಗಿ ಉತ್ತರಕ್ಕೂ 0.27. ಕಾರಣ ಸುಲಭ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರ್ತಾನೆ. ಮೇ ತಿಂಗಳಲ್ಲಿ ನಮ್ಮಮ್ಮ ಸಂಡಿಗೆ ಒಣಗಿಸೋಕೆ ಹಾಕ್ತಿದ್ದದ್ದು ಹಿತ್ತಲಿನ ಉತ್ತರದ ಕಟ್ಟೆ ಮೇಲೆ, ಅವರಿಗೆ ಗೊತ್ತಿತ್ತು :)

ಪುಣ್ಯಕ್ಕೆ ಕೋಬಾ ಇನ್ನೂ ಹಾಕಿರಲಿಲ್ಲ. ಅದರ ಕೆಳಗೆ ಸುಮಾರು 90 ಮಿ.ಮೀ. ಎಕ್ಸ್‌ಪಿಎಸ್ ಹಲಗೆ ಹಾಸಿದ್ರೆ 0.33 ಸಿಗುತ್ತೆ. ಗೋಡೆ ಎದ್ದಾಗಿದೆ, ಅದನ್ನ ಒಡೆಯೋಕಾಗಲ್ಲ. ಕಿಟಕಿಗೆ ಸಜ್ಜಾ ಉದ್ದ ಮಾಡಿ, ಒಳ್ಳೆ ಗಾಜು ಹಾಕಿ, ಎರಡನೇ ದಾರಿಯಲ್ಲಿ ಎಷ್ಟು ಸರಿದೂಗುತ್ತೆ ಅಂತ ಹೊಸದಾಗಿ ಲೆಕ್ಕ ಮಾಡಿಸ್ತಾರಂತೆ. ಪೂರ್ತಿ ದೂಗುತ್ತೆ ಅಂತ ನನಗೇನೂ ನಂಬಿಕೆ ಇಲ್ಲ, ಭಾವನಿಗೂ ಅದನ್ನೇ ಹೇಳಿದೆ. "ಇದನ್ನ ಗೋಡೆ ಏಳೋ ಮುಂಚೆ ಬಂದು ಹೇಳಬಾರದಿತ್ತೇನೋ" ಅಂತ ಬೈದು, ಹಲಗೆಗೆ ಶಿವಮೊಗ್ಗಕ್ಕೆ ಫೋನ್ ಹಚ್ಚಿದರು.