ಅರ್ಧ ದಿನ ಕೇಳುವಾಗ ಅರ್ಧ ಮಾತು ಸಾಕು

ಡಿಸೆಂಬರ್ ಬಂತೆಂದರೆ ನಾಶಿಕದ ಶಾಲೆಗಳಲ್ಲಿ ಸ್ನೇಹಸಂಮೇಲನದ ಗದ್ದಲ ಶುರು. ನಮ್ಮೂರಲ್ಲಿ ವಾರ್ಷಿಕೋತ್ಸವ ಅನ್ನುವುದನ್ನು ಇಲ್ಲಿ ಎಲ್ಲರೂ ಚುಟುಕಾಗಿ 'ಗ್ಯಾದರಿಂಗ್' ಅನ್ನುತ್ತಾರೆ. ಪಂಚವಟಿಯ ನಮ್ಮ ಓಣಿಯಲ್ಲಿ ಸಂಜೆಯಾದರೆ ಸಾಕು, ಯಾವುದಾದರೊಂದು ಮನೆಯಿಂದ ಒಂದೇ ಹಾಡು ಹತ್ತು ಸಲ ಕೇಳಿಸುತ್ತದೆ, ಒಳಗೆ ಯಾವುದೋ ಮಗು ಹೆಜ್ಜೆ ಎಣಿಸುತ್ತಿರುತ್ತದೆ. ಎರಡು ವರ್ಷದ ಹಿಂದೆ ಆ ಮಗು ನನ್ನ ಮಗಳಾಗಿದ್ದಳು. ಆಗ ಎರಡನೇ ಇಯತ್ತೆ, ಕೋಳಿ ನೃತ್ಯ. ಧಾರವಾಡದ ಹುಡುಗಿ ಬಾಡಿಗೆಯ ನವ್ವಾರಿ ಸೀರೆ ಉಟ್ಟು, ಬುಟ್ಟಿ ಹಿಡಿದು ಮೀನು ಮಾರುವವಳಾಗಬೇಕಿತ್ತು.

ಆ ದಿನ ನಾನು ಸಭಾಂಗಣದಲ್ಲಿದ್ದೆ, ಮೂರನೇ ಸಾಲಿನಲ್ಲೇ ಕೂತಿದ್ದೆ. ಆದರೆ ಒಂದು ಕಿವಿಯಲ್ಲಿ ಕೋಳಿ ಹಾಡು, ಇನ್ನೊಂದರಲ್ಲಿ ಇಯರ್‌ಫೋನು. ರಾತ್ರಿ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ನಾ ಕುಣಿಯೋ ಮುಂದ ನೀ ಯಾರ ಕೂಡ ಮಾತಾಡ್ಲಿಕ್ಕತ್ತಿದ್ದಿ?"

ರಜೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ಯಾಕೆ ಹೀಗಾಯಿತೆಂದು ಆಮೇಲೆ ಕೂತು ಯೋಚಿಸಿದಾಗ ತಪ್ಪು ನನ್ನ ಅರ್ಜಿಯಲ್ಲೇ ಕಂಡಿತು. ಈ ಸಲದ ಅಂಕಣ ಅದರ ಬಗ್ಗೆ.

ನನ್ನ ಪಾಳಿ ಮಧ್ಯಾಹ್ನ 1.30ರಿಂದ ರಾತ್ರಿ 10.30. ಕ್ಲೈಂಟ್ ಅಮೆರಿಕದ ಪೂರ್ವ ಕರಾವಳಿಯವರು. ಕಾರ್ಯಕ್ರಮ ಶುಕ್ರವಾರ 4ಕ್ಕೆ. ನಮ್ಮ ಮ್ಯಾನೇಜರ್ ಪುಣೆಯಲ್ಲಿರುತ್ತಾರೆ, ಒಳ್ಳೆಯ ಮನುಷ್ಯ. ಅವರಿಗೆ ನಾನು ಬರೆದ ಮೆಸೇಜು ಹೆಚ್ಚುಕಡಿಮೆ ಹೀಗಿತ್ತು: "ಸರ್, ಕೇಳುವುದಕ್ಕೆ ಸಂಕೋಚ. ಮಗಳ ಗ್ಯಾದರಿಂಗ್ ಇದೆ, ಮೊದಲ ಸಲ ಸ್ಟೇಜ್ ಹತ್ತುತ್ತಿದ್ದಾಳೆ. ಹೋದ ವರ್ಷ ರಿಲೀಸ್ ಇದ್ದದ್ದರಿಂದ ಹೋಗಲಾಗಲಿಲ್ಲ, ಮನೆಯಲ್ಲಿ ಸ್ವಲ್ಪ ಬೇಜಾರಾಗಿತ್ತು. ಅವಳ ಡ್ಯಾನ್ಸ್ 4.15ಕ್ಕೆ, ಐದು ನಿಮಿಷದ್ದು. ಸಾಧ್ಯವಾದರೆ ಅರ್ಧ ದಿನ ಸಿಗಬಹುದೇ? ಫೋನಿನಲ್ಲಿ ಸಿಗುತ್ತೇನೆ."

ಉತ್ತರ ಎರಡೇ ನಿಮಿಷಕ್ಕೆ ಬಂತು: "ಅರೆ, ಖಂಡಿತ ಹೋಗಿ. ಐದು ನಿಮಿಷ ತಾನೇ, ಅರ್ಧ ದಿನ ಯಾಕೆ ಕಳೆದುಕೊಳ್ಳುತ್ತೀರಿ? 4ರಿಂದ 5 ಹೋಗಿ ಬನ್ನಿ. ಫೋನ್ ಹತ್ತಿರ ಇಟ್ಟುಕೊಳ್ಳಿ."

ನೋಡಿ, ಅವರು ಇಲ್ಲ ಅನ್ನಲಿಲ್ಲ. ನನ್ನ ರಜೆ ಉಳಿಸಿಕೊಟ್ಟ ಉಪಕಾರವೇ ಮಾಡಿದರು. ಆದರೆ ನಾನು ಕೇಳಿದ ನಾಲ್ಕೂವರೆ ಗಂಟೆ ಒಂದು ಗಂಟೆಯಾಯಿತು. ಹಾಗೆ ಮಾಡಲು ಬೇಕಾದ ಲೆಕ್ಕವನ್ನು ಕೊಟ್ಟವನು ನಾನೇ, 4.15 ಮತ್ತು ಐದು ನಿಮಿಷ. ಶಾಲೆಯ ಪಟ್ಟಿಯಲ್ಲಿ 4.15 ಇದ್ದದ್ದು ದೀಪ ಬೆಳಗಿ, ಮುಖ್ಯ ಅತಿಥಿಗಳಿಗೆ ಶಾಲು-ನಾರಿಯಲ್ ಆಗಿ, ಬಹುಮಾನ ಹಂಚಿ ಮುಗಿಯುವಷ್ಟರಲ್ಲಿ 5.20 ಆಯಿತು. ಅಷ್ಟರಲ್ಲಿ ನನ್ನ 'ಪರ್ಮಿಷನ್' ಮುಗಿದು ಯಾರೋ ಕಾಲ್‌ಗೆ ಸೇರಿಸಿದ್ದರು. "ಫೋನಿನಲ್ಲಿ ಸಿಗುತ್ತೇನೆ" ಎಂದು ಬರೆದವನೂ ನಾನೇ ಆದ್ದರಿಂದ ಎತ್ತಲೇಬೇಕಾಯಿತು.

ಕಾರಣವನ್ನು ಉದ್ದಕ್ಕೆ ಹೇಳಿದರೆ ಆಗುವುದೇ ಇದು. ರಜೆ ಕೇಳುವವನು ತನ್ನ ಮನೆಯ ಕಥೆ ಹೇಳಿದ ಕೂಡಲೇ ಕೇಳಿಸಿಕೊಂಡವರು ಆ ಕಥೆಗೆ ಪರಿಹಾರ ಹುಡುಕಲು ಕೂರುತ್ತಾರೆ. ಹೆಂಡತಿ ಹೋಗಬಹುದಲ್ಲ? ವಿಡಿಯೋ ಮಾಡಿಸಿಕೊಳ್ಳಬಹುದಲ್ಲ? ಕೆಟ್ಟ ಮನಸ್ಸಿನಿಂದಲ್ಲ, ಸಮಸ್ಯೆ ಬಿಡಿಸುವುದೇ ಅವರ ಉದ್ಯೋಗ. ಆದರೆ ಮ್ಯಾನೇಜರಿಗೆ ನಿಜಕ್ಕೂ ಬೇಕಾದ ಮಾಹಿತಿ ನನ್ನ ಆ ಮೆಸೇಜಿನಲ್ಲಿ ಒಂದೂ ಇರಲಿಲ್ಲ. ನಾನು ಎಷ್ಟರಿಂದ ಎಷ್ಟರವರೆಗೆ ಇರುವುದಿಲ್ಲ, ಆ ಹೊತ್ತಿನ ಕೆಲಸ ಯಾರ ಕೈಯಲ್ಲಿ, ಯಾವುದು ನಿಲ್ಲುತ್ತದೆ, ಮತ್ತೆ ಯಾವಾಗ ಬರುತ್ತೇನೆ ಎಂಬ ನಾಲ್ಕು ಸಂಗತಿ ಬಿಟ್ಟು ಮಿಕ್ಕೆಲ್ಲ ಬರೆದಿದ್ದೆ.

ಮರುವರ್ಷ ಮೂರನೇ ಇಯತ್ತೆ, ಈ ಸಲ ನಾಟಕ. ಶಾಲೆಯ ಚೀಟಿ ಹತ್ತು ದಿನ ಮೊದಲೇ ಬಂತು. ಮೊದಲು ಮಾಡಿದ ಕೆಲಸ ಮೆಸೇಜಲ್ಲ, ಲೆಕ್ಕ. ಕಾರ್ಯಕ್ರಮ 3.30ಕ್ಕೆ. ನನ್ನ ಪಾಳಿಯ ಮೊದಲರ್ಧ 1.30ರಿಂದ 6ರವರೆಗೆ. ಕ್ಲೈಂಟ್ ಜತೆಗಿನ ದಿನದ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಸಂಜೆ 5.30ಕ್ಕೆ ಇರುತ್ತದೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ಅವರ ಬೆಳಗಿನ 8 ಅಂದರೆ ನಮ್ಮ 6.30. ಅಂದರೆ ಡಿಸೆಂಬರಿನಲ್ಲಿ ಮೊದಲರ್ಧ ರಜೆ ಹಾಕಿದರೆ ಆ ಮೀಟಿಂಗ್ ತಪ್ಪುವುದೇ ಇಲ್ಲ. ಶುಕ್ರವಾರ ಮನೆಯಿಂದ ಕೆಲಸ ಮಾಡುವ ದಿನವಾದ್ದರಿಂದ ಹೋಳ್ಕರ್ ಪೂಲ ದಾಟಿ ರವಿವಾರ ಕಾರಂಜಾದ ಸಂದಣಿಯಲ್ಲಿ ಸಿಕ್ಕಿಕೊಳ್ಳುವ ಭಯವೂ ಇಲ್ಲ. ಪಾಳಿಯಲ್ಲಿ ಇರುವವರು ಇದನ್ನು ಗಮನಿಸಬೇಕು. 'ಅರ್ಧ ದಿನ' ಅಂದರೆ ಊಟದ ನಂತರ ಎಂದು ನಾವು ಭಾವಿಸಿರುತ್ತೇವೆ, ಆದರೆ ಪೋರ್ಟಲ್‌ನಲ್ಲಿ First Half ಎಂದಿರುವುದು ನಿಮ್ಮ ಪಾಳಿಯ ಮೊದಲರ್ಧ. ತಪ್ಪು ಅರ್ಧ ಒತ್ತಿದರೆ ಕಾರ್ಯಕ್ರಮದ ಹೊತ್ತಿಗೆ ಕೆಲಸ, ಮೀಟಿಂಗ್ ಹೊತ್ತಿಗೆ ರಜೆ.

ಇನ್ನೊಂದು ಲೆಕ್ಕ ರಜೆಯದ್ದು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸಗಾರರಿಗೆ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ, ಅಂದರೆ ನಾವು ಸಿ.ಎಲ್. ಅನ್ನುವುದು. ಅದು ಮೂರು ತಿಂಗಳಿಗೊಮ್ಮೆ ಖಾತೆಗೆ ಸೇರುತ್ತದೆ, ಬಳಸದಿದ್ದರೆ ವರ್ಷದ ಕೊನೆಗೆ ಹೋಗುತ್ತದೆ. ಮೇಲ್ವಿಚಾರಣೆಯ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸದೆ ಇರಬಹುದು. ಅವರಿಗೂ, ಸಿ.ಎಲ್. ಅನ್ನು ಅರ್ಧರ್ಧ ಮಾಡಬಹುದೇ ಎಂಬುದಕ್ಕೂ, ಕಂಪನಿಯ ನಿಯಮವೇ ಆಧಾರ. ಡಿಸೆಂಬರಿನಲ್ಲಿ ಎಲ್ಲರೂ ಮುಗಿದುಹೋಗುವ ರಜೆಯನ್ನು ಮುಗಿಸಲು ಹೊರಟಿರುತ್ತಾರೆ. ಹಾಗಾಗಿ ಗ್ಯಾದರಿಂಗ್ ಚೀಟಿ ಬಂದ ದಿನವೇ ಕೇಳಬೇಕು, ಹಿಂದಿನ ದಿನ ಕೇಳಿದರೆ ಸರದಿಯಲ್ಲಿ ಕೊನೆಯವರು ನಾವೇ.

ಕ್ಯಾಲಿಫೋರ್ನಿಯಾದಲ್ಲಿ 25 ಅಥವಾ ಹೆಚ್ಚು ಮಂದಿ ಇರುವ ಕಡೆ ಮಕ್ಕಳ ಶಾಲೆಯ ಕಾರ್ಯಕ್ರಮಗಳಿಗೆಂದೇ ಪಾಲಕರು ವರ್ಷಕ್ಕೆ 40 ಗಂಟೆಯವರೆಗೆ ಬಿಡುವು ಪಡೆಯಬಹುದು. ಆದರೆ ಅಲ್ಲಿ ಮಾಲೀಕರು ಶಾಲೆಯಿಂದ ಪುರಾವೆ ಕೇಳಬಹುದು. ನಮಗೆ ಅಂಥ ಪ್ರತ್ಯೇಕ ರಜೆ ಇಲ್ಲ, ಸಿ.ಎಲ್. ಇದೆ. ಅದು ಯಾವ ಸ್ವಂತ ಕೆಲಸಕ್ಕಾದರೂ ಬಳಸುವ ರಜೆ. ಆದ್ದರಿಂದ ಪೋರ್ಟಲ್‌ನ ಕಾರಣದ ಕಾಲಂನಲ್ಲಿ 'ವೈಯಕ್ತಿಕ' ಎಂಬ ಒಂದು ಪದ ಸಾಕಾಗುತ್ತದೆ. ಅಲ್ಲಿ ಬರೆದದ್ದನ್ನು ಮ್ಯಾನೇಜರ್ ಮಾತ್ರವಲ್ಲ, ಎಚ್.ಆರ್.ನವರೂ ಓದಬಹುದು ಎಂಬುದನ್ನು ಮರೆಯಬಾರದು.

ಆ ವರ್ಷ ಇಂಗ್ಲಿಷಿನಲ್ಲಿ ಕಳಿಸಿದ ಮೆಸೇಜಿನ ಕನ್ನಡ ಇದು: "ಸರ್, ಮುಂದಿನ ಶುಕ್ರವಾರ ಮೊದಲರ್ಧ ರಜೆ ಬೇಕಿತ್ತು, ಮೊದಲೇ ನಿಗದಿಯಾದ ಕುಟುಂಬದ ಕಾರ್ಯಕ್ರಮವಿದೆ. 1.30ರಿಂದ 6ರವರೆಗೆ ಇರುವುದಿಲ್ಲ, 6.30ರ ಕ್ಲೈಂಟ್ ಕಾಲ್‌ಗೆ ಇರುತ್ತೇನೆ. ಆ ದಿನದ ಬಿಲ್ಡ್ ಗುರುವಾರ ರಾತ್ರಿಯೇ ಮುಗಿಸುತ್ತೇನೆ. ತುರ್ತು ಬಂದರೆ ತಂಡದ ಇನ್ನೊಬ್ಬರು ನೋಡಿಕೊಳ್ಳಲು ಒಪ್ಪಿದ್ದಾರೆ. ಪೋರ್ಟಲ್‌ನಲ್ಲಿ ಹಾಕಲೇ?"

ಇದರಲ್ಲಿ ಸಂಕೋಚವೂ ಇಲ್ಲ, ಸುಳ್ಳೂ ಇಲ್ಲ. ಜ್ವರ, ಹೊಟ್ಟೆನೋವು ಎಂದು ಹೇಳುವವರನ್ನು ನೋಡಿದ್ದೇನೆ. ಸಂಜೆ ಹೆಂಡತಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ವೇದಿಕೆಯ ಮುಂದೆ ನಗುತ್ತಿರುವ ಫೋಟೋ ಬಂದರೆ ಸೋಮವಾರ ಮುಖ ತೋರಿಸುವುದು ಕಷ್ಟ. ಕಡಿಮೆ ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ. 'ಕುಟುಂಬದ ಕಾರ್ಯಕ್ರಮ' ಅನ್ನುವುದು ನಾಳೆ ಯಾರಿಗೆ ಏನು ಗೊತ್ತಾದರೂ ನಿಲ್ಲುವ ಮಾತು. ಬರೇ 'ಪರ್ಸನಲ್' ಎಂದು ಚಾಟ್‌ನಲ್ಲಿ ಹೇಳಿದರೆ ಕೆಲವರಿಗೆ ಗಾಬರಿಯಾಗುತ್ತದೆ, ಇಲ್ಲವೇ ಬೇರೆ ಕಂಪನಿಯ ಸಂದರ್ಶನವೇನೋ ಎಂಬ ಅನುಮಾನ. 'ಕುಟುಂಬ', 'ಮೊದಲೇ ನಿಗದಿ' ಎಂಬ ಎರಡು ಮಾತು ಆ ಎರಡನ್ನೂ ಕಳೆಯುತ್ತವೆ.

ಮ್ಯಾನೇಜರ್ ಕೇಳಿದರು: "ಎಲ್ಲಾ ಸರಿ ಇದೆ ತಾನೇ?" ನನ್ನ ಹಳೆಯ ಬಾಯಿ ಮತ್ತೆ ತೆರೆದುಕೊಳ್ಳುತ್ತಿತ್ತು. ತಡೆದು, "ಎಲ್ಲಾ ಸರಿ ಇದೆ ಸರ್, ಖುಷಿಯ ವಿಷಯವೇ" ಅಂದೆ. ಆಮೇಲೆ ಅವರು, "ಶುಕ್ರವಾರ 4ಕ್ಕೆ ಒಂದು ರಿವ್ಯೂ ಇಡೋಣ ಅಂತಿದ್ದೆ, ಶನಿವಾರ ತೆಗೆದುಕೊಂಡರೆ ಆಗದೇ?" ಎಂದರು. ಇಂಥ ಜಾಗದಲ್ಲಿ ಮಾತ್ರ ಒಂದು ವಾಕ್ಯದಷ್ಟು ಕಾರಣ ಬಿಚ್ಚಬೇಕಾಗುತ್ತದೆ. ಬಿಚ್ಚಬೇಕಾದದ್ದು ಮನಸ್ಸು ಕರಗಿಸುವ ಭಾಗವನ್ನಲ್ಲ, ಬದಲಾಯಿಸಲಾಗದ ಭಾಗವನ್ನು. "ಶಾಲೆಯ ಕಾರ್ಯಕ್ರಮ ಸರ್, ದಿನ ಅವರೇ ಗೊತ್ತುಮಾಡಿದ್ದು. ರಿವ್ಯೂವನ್ನು ಗುರುವಾರ 4ಕ್ಕೆ ಇಟ್ಟರೆ ನಾನು ಎಲ್ಲಾ ಸಿದ್ಧ ಮಾಡಿಕೊಂಡಿರುತ್ತೇನೆ." ಮಗಳು, ನಾಟಕ, ಹೋದ ವರ್ಷದ ಬೇಜಾರು ಯಾವುದೂ ಬರಲಿಲ್ಲ. ರಿವ್ಯೂ ಗುರುವಾರಕ್ಕೆ ಹೋಯಿತು.

ಒಪ್ಪಿಗೆ ಬಂದ ಕೂಡಲೇ ಪೋರ್ಟಲ್‌ನಲ್ಲಿ ಹಾಕಿದೆ, ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು Out of office ಎಂದು ಗುರುತಿಸಿದೆ. ಇದನ್ನು ಬಿಟ್ಟರೆ ಬೇರೆ ತಂಡದವರು ಖಾಲಿ ಕಂಡಲ್ಲಿ ಮೀಟಿಂಗ್ ಇಡುತ್ತಾರೆ, ಬಾಯಿಮಾತಿನ ರಜೆ ಮತ್ತೆ ಹೋದ ವರ್ಷದ್ದೇ ಆಗುತ್ತದೆ.

ಇದು ಎಲ್ಲ ದಿನವೂ ನಡೆಯುವ ಉಪಾಯವಲ್ಲ. ರಿಲೀಸ್ ದಿನ, ಬದಲಿಗೆ ಯಾರೂ ಇಲ್ಲದ ದಿನ ಎಷ್ಟು ಚೆನ್ನಾಗಿ ಬರೆದರೂ ಆಗದು ಅನ್ನಬಹುದು. ಆಗ "ಯಾವ ಒಂದು ಗಂಟೆ ನಾನು ಇರಲೇಬೇಕು?" ಎಂದು ಕೇಳುವುದು ಮೇಲು. ಒಂದು ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ಹೋಗುವುದು ಅಲ್ಲಿಗೆ ತಪ್ಪಬಹುದು.

ನಾಟಕ 3.30ರ ಬದಲು 4.25ಕ್ಕೆ ಶುರುವಾಯಿತು. ಮಗಳದ್ದು ಮರದ ಪಾತ್ರ, ಮಾತೇ ಇಲ್ಲ. ಇಪ್ಪತ್ತು ನಿಮಿಷ ಕೈ ಚಾಚಿ ನಿಂತಿದ್ದಳು. ಫೋನು ಹೆಂಡತಿಯ ಪರ್ಸಿನಲ್ಲಿತ್ತು. ಹೊರಗೆ ಬಂದಾಗ, "ನೋಡಿದ್ಯಾ ಅಪ್ಪಾ, ಒಂದ ಸಲಾನೂ ಅಲ್ಲಾಡ್ಲಿಲ್ಲ ನಾ" ಅಂದಳು.

"ನಾನೂ ಅಲ್ಲಾಡ್ಲಿಲ್ವಾ" ಅಂದೆ.

6.30ರ ಕಾಲ್‌ಗೆ 6.20ಕ್ಕೇ ಕೂತಿದ್ದೆ.