ಸಿಹಿಸುದ್ದಿಗೆ ಏನು ಉತ್ತರ?

ಕಕ್ಕಿಂಜೆಯಂಥ ಊರಿನಲ್ಲಿ ಒಬ್ಬಳು ಬಸುರಿಯಾದ ಸುದ್ದಿ ಮನೆಯಿಂದ ಪೇಟೆಗೆ ತಲುಪಲು ಅರ್ಧ ದಿನ ಸಾಕು. ಮದುವೆಯಾಗಿ ಎಂಟು ವರ್ಷ ಕಾದು, ನಡುವೆ ಎರಡು ಬಾರಿ ಗರ್ಭ ನಿಲ್ಲದೆ ನೊಂದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಏಳನೆಯ ವಾರದಲ್ಲಿ ಅವಳು ಶಾಲಾದಿನಗಳ ಗೆಳತಿಗೆ ಮಾತ್ರ ಫೋನಿನಲ್ಲಿ ವಿಷಯ ತಿಳಿಸುತ್ತಾಳೆ. ದನಿಯಲ್ಲಿ ಸಂತೋಷಕ್ಕಿಂತ ಭಯವೇ ಹೆಚ್ಚು. ಗೆಳತಿ ಏನು ಹೇಳಬೇಕು?

ಆ ಭಯಕ್ಕೆ ಆಧಾರವಿದೆ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20ರಷ್ಟು ನಿಲ್ಲುವುದಿಲ್ಲ. ಹಾಗಾಗುವುದು ಹೆಚ್ಚಾಗಿ ಮೊದಲ 12 ವಾರಗಳಲ್ಲಿ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆದ್ದರಿಂದ ಏಳನೆಯ ವಾರವೆಂದರೆ ಭ್ರೂಣಕ್ಕೆ ಇನ್ನೂ ಸುಮಾರು ಐದು ವಾರ. ಸ್ಕ್ಯಾನಿಂಗ್‌ನಲ್ಲಿ ಹೃದಯದ ಮಿಡಿತ ಕಾಣತೊಡಗುವುದೂ ಹೆಚ್ಚುಕಡಿಮೆ ಆಗಲೇ. ಮಿಡಿತ ಕಂಡ ಮೇಲೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇಂಥವಳಿಗೆ ಹೆಚ್ಚಿನವರು ಪ್ರೀತಿಯಿಂದಲೇ ಹೇಳುವ ಮಾತು, “ಈ ಸಲ ಜಾಗ್ರತೆ ಮಾಡು” ಎಂದು. ಕೇಳುವವಳಿಗೆ ಅದು ‘ಹಿಂದಿನ ಸಲ ನೀನು ಜಾಗ್ರತೆ ಮಾಡಲಿಲ್ಲ’ ಎಂದು ಕೇಳಿಸುತ್ತದೆ. ನಿಜ ಬೇರೆಯೇ ಇದೆ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಸಂಖ್ಯೆ ತಪ್ಪಿದ್ದೇ ಕಾರಣ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಹಂಚಿಕೆ ತಪ್ಪಿ, 46ರ ಬದಲು 45 ಅಥವಾ 47 ವರ್ಣತಂತುಗಳಾದರೆ ಹೆಚ್ಚಿನ ಭ್ರೂಣಗಳು ಬೆಳೆಯುವುದಿಲ್ಲ. ತುಂಬಿದ ಕೊಡ ಎತ್ತಿದ್ದಕ್ಕೂ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಹೋದದ್ದಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ.

“ಈ ಸಲ ಏನೂ ಆಗುವುದಿಲ್ಲ, ನೋಡು” ಎಂಬುದೂ ಉಪಯೋಗವಿಲ್ಲ. ಆ ಭರವಸೆಯನ್ನು ವೈದ್ಯರೇ ಕೊಡಲಾರರು. “ಯಾರ ಹತ್ತಿರ ಮದ್ದು ಮಾಡಿದಿರಿ, ತೊಂದರೆ ಯಾರದ್ದಿತ್ತು?” ಎಂದು ಕೇಳುವುದಂತೂ ಬೇಡ. ಮಕ್ಕಳಾಗದಿರಲು ಕಾರಣ ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಅದನ್ನು ಹೇಳುವುದು ಬಿಡುವುದು ಅವರಿಬ್ಬರ ಇಷ್ಟ.

ಹಾಗಾದರೆ ಹೇಳುವುದೇನು? “ಕೇಳಿ ತುಂಬಾ ಖುಷಿ ಆಯ್ತು ಮಾರಾಯ್ತಿ. ನಿನಗೆ ಹೆದರಿಕೆಯೂ ಇರಬಹುದು. ಈಗ ಹೇಗಿದ್ದಿ? ನಾನು ಯಾರಿಗೂ ಹೇಳುವುದಿಲ್ಲ.” ಇಷ್ಟು ಸಾಕು. ಸಂತೋಷ ಮೊದಲು ಬಂತು, ಭಯಕ್ಕೂ ಜಾಗ ಸಿಕ್ಕಿತು, ಸುದ್ದಿ ಅವಳ ಕೈಯಲ್ಲೇ ಉಳಿಯಿತು. ಈ ಕೊನೆಯದನ್ನು ಮನೆಯಲ್ಲಿ ಫೋನಿನ ಮಾತು ಕೇಳಿಸಿಕೊಂಡ ಮಕ್ಕಳಿಗೂ ಹೇಳಿಕೊಡಬೇಕು.

ಆಮೇಲೆ ದಿನವೂ “ಎಲ್ಲ ಸರಿ ಉಂಟಾ?” ಎಂದು ಕೇಳಿದರೆ ಭಯವನ್ನು ದಿನವೂ ಕೆದಕಿದಂತೆ. ಸ್ಕ್ಯಾನಿಂಗ್ ದಿನ ಜೊತೆಗೆ ಬರಲೇ ಎಂದು ಒಮ್ಮೆ ಕೇಳಿದರೆ ಅದು ನಿಜವಾದ ಸಹಾಯ. ರಕ್ತ ಕಂಡಿತೆಂದು ಅವಳು ಗಾಬರಿಯಿಂದ ಹೇಳಿದರೆ ‘ಹೋಯಿತು’ ಎಂದೂ ಅನ್ನಬಾರದು, ‘ಅದೆಲ್ಲ ಮಾಮೂಲು’ ಎಂದೂ ಅನ್ನಬಾರದು. ರಕ್ತ ಕಂಡ ಮೇಲೂ ಎಷ್ಟೋ ಬಸಿರುಗಳು ಮುಂದುವರಿಯುತ್ತವೆ. ಆದರೆ ನಿರ್ಧರಿಸಬೇಕಾದವರು ವೈದ್ಯರು. ಅದೇ ದಿನ ಅವರ ಬಳಿಗೆ ಕರೆದೊಯ್ಯಬೇಕು. ಹೊಟ್ಟೆನೋವು ಜೋರಾಗಿದ್ದರೆ ತಕ್ಷಣ.

ತೊಟ್ಟಿಲು, ಹೆಸರು, ಬಯಕೆಯ ಸೀರೆಯ ಮಾತನ್ನು ಅವಳೇ ಮೊದಲು ಎತ್ತಲಿ. ಬಯಕೆಯ ಶಾಸ್ತ್ರಕ್ಕೆ ಏಳನೆಯ ತಿಂಗಳವರೆಗೆ ಸಮಯವಿದೆ.