ಸುಕ್ಕವೇಕೆ ನೀರಾಯಿತು?

ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಡುವವನಿಗೆ ಕೋಳಿಯ ಚಿಂತೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಮಡದಿ ಪರಸ್ಥಳದಲ್ಲಿ ಕೆಲಸಕ್ಕಿರುವಾಗ ಭಾನುವಾರದ ಅಡುಗೆ ನನ್ನ ಪಾಲಿಗೆ ಬಂದಿದೆ. ಚಿಂತೆಯೂ ಅದರೊಡನೆ ಬಂದಿತು. ಒಂದು ಭಾನುವಾರ ಮಂಗಳೂರಿನ ನಮ್ಮ ಮನೆಗೆ ಅತ್ತೆಯವರು ಊಟಕ್ಕೆ ಬರುವವರಿದ್ದರು. ಫ್ರೀಜರಿನಲ್ಲಿ ಒಂದು ಕಿಲೋ ಕೋಳಿಯ ತುಂಡುಗಳು ಒಂದೇ ಮುದ್ದೆಯಾಗಿ ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಬೆಳಿಗ್ಗೆ ಏಳು ಗಂಟೆಗೆ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿರಿಸಿ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತೆ. ಹನ್ನೊಂದಕ್ಕೆ ಬಂದು ನೋಡಿದರೆ ಹೊರಗೆ ಮೆತ್ತಗೆ, ಒಳಗೆ ಇನ್ನೂ ಹಿಮ. ಗಾಬರಿಯಿಂದ ಬಿಸಿನೀರು ಸುರಿದೆ. ಹೊರಗಿನ ಮಾಂಸ ಬೂದುಬಣ್ಣಕ್ಕೆ ತಿರುಗಿತು. ಅದನ್ನೇ ಬಾಣಲೆಗೆ ಹಾಕಿ, ಮಸಾಲೆ ಬೆರೆಸಿ, ಮುಚ್ಚಳ ಮುಚ್ಚಿದೆ. ತಟ್ಟೆಗೆ ಬಡಿಸಿದಾಗ ಅತ್ತೆಯವರು ಬಹು ಸೌಜನ್ಯದಿಂದ ಕೇಳಿದರು: "ಅಳಿಯಂದಿರೇ, ಇದು ಕೋಳಿ ಸುಕ್ಕವೋ, ಗಸಿಯೋ?"

ಯಾರಿಗೂ ಹೊಟ್ಟೆ ಕೆಡಲಿಲ್ಲ. ಆದರೆ ಅದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ. ಹಿಮದಲ್ಲಿಟ್ಟರೆ ಸೂಕ್ಷ್ಮಜೀವಿಗಳು ಸಾಯುತ್ತವೆಂಬುದು ತಪ್ಪು ತಿಳಿವಳಿಕೆ. ಅವು ನಿದ್ರಿಸುತ್ತವೆ, ಅಷ್ಟೆ. 4 ಡಿಗ್ರಿ ಸೆಲ್ಸಿಯಸ್ಸಿಗೂ 60 ಡಿಗ್ರಿಗೂ ನಡುವಣ ಶಾಖ ದೊರೆತೊಡನೆ ಎದ್ದು ವೃದ್ಧಿಯಾಗತೊಡಗುತ್ತವೆ. ಕಟ್ಟೆಯ ಮೇಲಿಟ್ಟ ಮುದ್ದೆಯ ಒಳಭಾಗ ಕರಗುವಷ್ಟರಲ್ಲಿ ಹೊರಭಾಗ ಗಂಟೆಗಟ್ಟಲೆ ಆ ಶಾಖದಲ್ಲಿ ಇದ್ದುಬಿಡುತ್ತದೆ. ಹಸಿಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಅಡುಗೆಮನೆಯ ಶಾಖ 32 ಡಿಗ್ರಿ ಮೀರಿದ್ದರೆ ಒಂದು ಗಂಟೆಯೇ ಗಡುವು. ನಮ್ಮ ಕರಾವಳಿಯ ಬೇಸಗೆಯಲ್ಲಿ ಆ ಒಂದು ಗಂಟೆ ಎಷ್ಟು ಬೇಗ ಕಳೆಯುತ್ತದೆಂದು ಹೇಳಬೇಕಾಗಿಲ್ಲ. ಮೂಸಿ ನೋಡಿ ನಿರ್ಧರಿಸುವೆನೆಂಬುದೂ ಸಲ್ಲದು. ಕಾಯಿಲೆ ತರುವ ಜೀವಿಗಳು ಅನೇಕ ವೇಳೆ ವಾಸನೆಯ ಸುಳಿವನ್ನೇ ಕೊಡುವುದಿಲ್ಲ.

ಇನ್ನು ನೀರಿನ ಮಾತು. ಮಾಂಸದಲ್ಲಿ ಬಹುಪಾಲು ನೀರೇ ಇದೆ. ಅದು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಮನೆಯ ಫ್ರೀಜರಿನಲ್ಲಿ ದಪ್ಪ ಮುದ್ದೆ ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಹಿಮದ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಎಳೆಗಳನ್ನು ಹರಿಯುತ್ತವೆ. ಕರಗಿದಾಗ ಆ ಬಿರುಕುಗಳಿಂದ ನೀರು ಸೋರುತ್ತದೆ. ಈ ನಸುಗೆಂಪು ನೀರನ್ನು ರಕ್ತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಮಾಂಸದ್ದೇ ಆದ ಬಣ್ಣ ಬೆರೆತ ನೀರು. ಈ ಸೋರಿಕೆಯನ್ನು ಪೂರ್ತಿಯಾಗಿ ತಡೆಯಲಾಗದು. ಆದರೆ ಅದು ಬಾಣಲೆಯಲ್ಲಿ ಸೋರಬೇಕೋ, ಅದಕ್ಕೆ ಮೊದಲೇ ಪಾತ್ರೆಯಲ್ಲಿ ಸೋರಬೇಕೋ ಎಂಬುದು ನಮ್ಮ ಕೈಯಲ್ಲಿದೆ. ನನ್ನ ಸುಕ್ಕ ಗಸಿಯಾದ ಗುಟ್ಟೆಲ್ಲ ಇಷ್ಟೇ.

ಮುಂದಿನ ಬಾರಿ ಅತ್ತೆಯವರು ಬಂದಾಗ ನಾನು ಮಾಡಿದ್ದು ಹೀಗೆ. ಭಾನುವಾರದ ಊಟಕ್ಕೆ ಶನಿವಾರ ಬೆಳಿಗ್ಗೆಯೇ ಕೋಳಿಯನ್ನು ಫ್ರೀಜರಿನಿಂದ ರೆಫ್ರಿಜರೇಟರಿನ ಕೆಳಗಿನ ಅಂತಸ್ತಿಗೆ ಇಳಿಸಿದೆ. ಒಂದು ಕಿಲೋ ಮುದ್ದೆ ಅಲ್ಲಿ ಕರಗಲು ಸುಮಾರು ಒಂದು ಹಗಲು, ಒಂದು ರಾತ್ರಿ ಬೇಕು. ಚೀಲವನ್ನು ಅಂಚುಳ್ಳ ಅಗಲ ಪಾತ್ರೆಯಲ್ಲಿಟ್ಟಿದ್ದೆ. ಇಲ್ಲವಾದರೆ ಸೋರಿದ ನೀರು ಕೊತ್ತಂಬರಿ ಸೊಪ್ಪಿಗೋ ಮೊಸರಿಗೋ ತಗಲೀತು. ಈ ಕ್ರಮದಲ್ಲಿ ಮಾಂಸವೆಂದೂ 4 ಡಿಗ್ರಿ ಮೀರದ ಕಾರಣ ಗಡಿಬಿಡಿಯಿಲ್ಲ. ಅತಿಥಿಗಳು ಬಾರದೆ ಹೋದರೂ ಕರಗಿದ ಕೋಳಿ ಅಲ್ಲಿಯೇ ಇನ್ನೂ ಒಂದೆರಡು ದಿನ ಇರಬಲ್ಲದು.

ಭಾನುವಾರ ಹತ್ತೂವರೆಗೆ ಚೀಲ ಬಿಚ್ಚಿ, ತುಂಡುಗಳನ್ನು ತೂತಿನ ಪಾತ್ರೆಗೆ ಸುರಿದು ಹತ್ತು ನಿಮಿಷ ಬಸಿಯಬಿಟ್ಟೆ. ಕೆಳಗೆ ಕಾಫಿಲೋಟದ ಅರ್ಧದಷ್ಟು ನೀರು ಸೇರಿತು. ಹಿಂದಿನ ಸಲ ಅದಿಷ್ಟೂ ಮಸಾಲೆಯೊಳಗೆ ಸೇರಿತ್ತೆಂದು ನೆನೆದು ನಾಚಿಕೆಯಾಯಿತು. ನಲ್ಲಿಯಡಿ ಕೋಳಿಯನ್ನು ತೊಳೆಯಲು ಹೋಗಲಿಲ್ಲ. ತೊಳೆದರೆ ಜೀವಿಗಳು ಹೋಗುವುದಿಲ್ಲ, ಹನಿಗಳಾಗಿ ಸುತ್ತಲೂ ಸಿಡಿಯುತ್ತವೆ. ಅವನ್ನು ಕೊಲ್ಲುವುದು ಬೇಯಿಸುವ ಶಾಖ. ಶುಭ್ರವಾದ ಬಟ್ಟೆಯಿಂದ ಪ್ರತಿಯೊಂದು ತುಂಡನ್ನೂ ಒತ್ತಿ ಒರಸಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದೆ. ಉಪ್ಪನ್ನು ಆಗ ಮುಟ್ಟಲಿಲ್ಲ, ಏಕೆಂದರೆ ಉಪ್ಪು ನೀರನ್ನು ಸೆಳೆದು ಹೊರಗೆ ತರುತ್ತದೆ.

ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಬೇಕು. ಅನಂತರ ಅರ್ಧ ಕಿಲೋ ಮಾತ್ರ, ತುಂಡುಗಳು ಒಂದಕ್ಕೊಂದು ತಾಗದಂತೆ ಹರಡಬೇಕು. ಒಮ್ಮೆಗೇ ಎಲ್ಲವನ್ನೂ ಹಾಕಿದರೆ ಬಾಣಲೆ ತಣ್ಣಗಾಗಿ, ಸೋರಿದ ನೀರು ಆವಿಯಾಗಿ ಹೋಗದೆ ನಿಂತುಬಿಡುತ್ತದೆ. ನೀರಿರುವ ತನಕ ಅಲ್ಲಿನ ಶಾಖ 100 ಡಿಗ್ರಿಯನ್ನು ದಾಟದು. ಮಾಂಸ ಕೆಂಪಗಾಗುವುದಕ್ಕೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಕಿವಿಯೇ ಇಲ್ಲಿ ಒಳ್ಳೆಯ ಪರೀಕ್ಷಕ. ಚುರುಚುರು ಸದ್ದು ಬರುತ್ತಿದ್ದರೆ ಸರಿ. ಅದು ಗುಳುಗುಳು ಎಂದು ಬದಲಾದರೆ ಮಾಂಸ ಹುರಿಯುವುದು ನಿಂತು ಕುದಿಯತೊಡಗಿದೆ ಎಂದರ್ಥ. ಹಾಗಾದಾಗ ಅರ್ಧದಷ್ಟು ತುಂಡುಗಳನ್ನು ತೆಗೆದು, ಉರಿ ಏರಿಸಿ, ಮುಚ್ಚಳವಿಲ್ಲದೆ ನೀರಾರಿಸುವುದೇ ಪರಿಹಾರ. ಎರಡು ಮೂರು ನಿಮಿಷ ಕೈಯಾಡಿಸದೆ ಬಿಟ್ಟು, ಕೆಳಮೈ ಕೆಂಪಾದ ಮೇಲೆ ಮಗುಚಬೇಕು.

ಎರಡು ಕಂತೂ ಹೀಗೆ ಹುರಿದಾದ ಮೇಲೆ ಈರುಳ್ಳಿ, ಅರೆದ ಬ್ಯಾಡಗಿ ಮೆಣಸಿನ ಮಸಾಲೆ, ಉಪ್ಪು. ಹೊರಗಿನಿಂದ ನೀರು ಬೇಡ. ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಬೇಯಲು ಬೇಕಾಗುವಷ್ಟು ರಸ ತಾನೇ ಹೊರಡುತ್ತದೆ. ದಪ್ಪ ತುಂಡಿನ ನಡುವೆ, ಮೂಳೆಯ ಪಕ್ಕದಲ್ಲೂ, ಶಾಖ 74 ಡಿಗ್ರಿ ತಲುಪಿರಬೇಕು. ಅಡುಗೆಯ ಉಷ್ಣಮಾಪಕವನ್ನು ಚುಚ್ಚಿ ನೋಡುವುದೇ ನಂಬತಕ್ಕ ದಾರಿ, ಬಣ್ಣ ಮೋಸಮಾಡುವುದುಂಟು. ಕೊನೆಗೆ ಮುಚ್ಚಳ ತೆಗೆದು ತೇವವಾರಿಸಿ, ಹುರಿದ ತೆಂಗಿನ ತುರಿ ಬೆರೆಸಬೇಕು. ತೇವವಾರುವ ಮೊದಲೇ ತುರಿ ಹಾಕಿದರೆ ಅದು ನೀರು ಕುಡಿದು ಗಂಜಿಯಾಗುತ್ತದೆ. ಅತ್ತೆಯವರು ಈ ಬಾರಿ ಪ್ರಶ್ನೆ ಕೇಳಲಿಲ್ಲ, ಎರಡನೆಯ ಸಲ ಬಡಿಸಿಕೊಂಡರು.

ಹಿಂದಿನ ದಿನ ಮರೆತುಹೋದರೆ ಗತಿಯೇನು? ತಣ್ಣೀರು. ನೀರು ನುಗ್ಗದಂತೆ ಭದ್ರವಾಗಿ ಕಟ್ಟಿದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಿರಬೇಕು. ಅರ್ಧ ಕಿಲೋ ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ನಿಶ್ಚಲವಾದ ಗಾಳಿಗಿಂತ ನೀರು ಎಷ್ಟೋ ಪಾಲು ಬೇಗ ಶಾಖವನ್ನು ಒಯ್ಯಬಲ್ಲದಾದ್ದರಿಂದ ತಣ್ಣೀರೇ ಸಾಕು, ಬಿಸಿನೀರಿನ ಅಗತ್ಯವಿಲ್ಲ. ಆದರೆ ಹೀಗೆ ಕರಗಿಸಿದ ಮಾಂಸವನ್ನು ಒಡನೆಯೇ ಬೇಯಿಸಬೇಕು, ಹಸಿಯಾಗಿಯೇ ಮತ್ತೆ ಫ್ರೀಜರಿಗೆ ಸೇರಿಸಬಾರದು. ರೆಫ್ರಿಜರೇಟರಿನಲ್ಲಿ ಕರಗಿದ್ದಾದರೆ ಮತ್ತೆ ಹೆಪ್ಪುಗಟ್ಟಿಸಬಹುದು, ಆದರೂ ಮುಂದಿನ ಸಲ ಇನ್ನಷ್ಟು ನೀರು ಬಿಡುತ್ತದೆ. ಈಗ ನಾನು ತಂದ ದಿನವೇ ಅರ್ಧರ್ಧ ಕಿಲೋ ಮಾಡಿ, ಚೀಲದಲ್ಲಿ ಒಂದು ಅಂಗುಲ ದಪ್ಪಕ್ಕೆ ಚಪ್ಪಟೆಯಾಗಿ ಹರಡಿ ಇಡುತ್ತೇನೆ. ಬೇಗ ಹೆಪ್ಪುಗಟ್ಟುವುದರಿಂದ ಹರಳುಗಳು ಚಿಕ್ಕವಾಗುತ್ತವೆ, ಸೋರಿಕೆಯೂ ಕಡಮೆ.

ತರಕಾರಿಯ ನ್ಯಾಯ ಇದಕ್ಕೆ ತಿರುಗುಮುರುಗು. ಮೈಸೂರಿನ ಅಕ್ಕ ಚಳಿಗಾಲದಲ್ಲಿ ಅವರೆಕಾಳನ್ನು ಎರಡು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದು, ತಣ್ಣೀರಿನಲ್ಲಿ ಆರಿಸಿ, ಒರಸಿ ಹೆಪ್ಪುಗಟ್ಟಿಸುತ್ತಾಳೆ. ರಜೆಗೆ ಹೋದಾಗ ಅವಳ ಅಡುಗೆಮನೆಯಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ. ಇದನ್ನು ಮೊದಲೇ ಕರಗಿಸಕೂಡದು, ಕರಗಿಸಿದರೆ ಕಾಳು ಮೆದುವಾಗಿ ನೀರು ಬಿಟ್ಟುಕೊಳ್ಳುತ್ತದೆ. ಸಾರಿಗಾದರೆ ಕುದಿಯುವ ನೀರಿಗೇ ನೇರವಾಗಿ ಸುರಿದು ಪೂರ್ತಿ ಬೇಯಿಸುತ್ತಾಳೆ, ಏಕೆಂದರೆ ಎರಡು ನಿಮಿಷದ ಕುದಿತ ಬೇಯಿಸಿದಂತಲ್ಲ. ಪಲ್ಯಕ್ಕಾದರೆ ಹಾಗೆಯೇ ಬೇಯಿಸಿ, ಚೆನ್ನಾಗಿ ಬಸಿದು, ಕಾದ ಒಗ್ಗರಣೆಗೆ ಹಾಕಿ, ಮುಚ್ಚಳವಿಲ್ಲದೆ ಬಾಡಿಸುತ್ತಾಳೆ. ಹೆಪ್ಪುಗಟ್ಟಿದ ಬಟಾಣಿಯನ್ನಾದರೆ ಚೀಲದಿಂದ ನೇರವಾಗಿ ಬಾಣಲೆಗೇ, ಒಂದೊಂದು ಹಿಡಿಯಾಗಿ, ಬಾಣಲೆಯ ಸದ್ದು ಅಡಗದಂತೆ ಹಾಕುತ್ತಾಳೆ.